ಜೂನ್ ಒಂದರಂದು ಹುಟ್ಟಿದವರ ಪರಿಚಯ

ಮೇ 31 ಬಂತೆಂದರೆ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಮೈಸೂರು ಪೇಟಕ್ಕೆ ಬರಗಾಲ. ಸಾಸಲು ಹೋಬಳಿಯಲ್ಲಿ ಒಬ್ಬ ಮೇಷ್ಟ್ರು ನಿವೃತ್ತಿ, ತೂಬಗೆರೆ ಕಡೆ ಇನ್ನೊಬ್ಬರು, ದೊಡ್ಡಬೆಳವಂಗಲದಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ದಿನ. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಮಾರುವವರು ಮದುವೆ ಲಗ್ನಗಳಿಗಿಂತ ಈ ದಿನವನ್ನೇ ಹೆಚ್ಚು ನೆಚ್ಚಿಕೊಂಡಿರುತ್ತಾರೆ. ಹೊರಗಿನಿಂದ ಬಂದವರಿಗೆ ಆಶ್ಚರ್ಯವಾಗಬಹುದು, ಇಷ್ಟೊಂದು ಜನ ಮೇಷ್ಟ್ರುಗಳು ಒಂದೇ ದಿನ ಹೇಗೆ ಮುದುಕರಾದರು ಅಂತ. ಅವರು ಒಂದೇ ದಿನ ಮುದುಕರಾದದ್ದಲ್ಲ. ಒಂದೇ ದಿನ ಹುಟ್ಟಿದ್ದು.

ಆಗಿನ ಕಾಲದ ಹೆಡ್‌ಮೇಷ್ಟ್ರಿಗೆ ದಾಖಲಾತಿಗೆ ಬಂದ ಹುಡುಗನ ಜನ್ಮದಿನ ಗೊತ್ತಿರುತ್ತಿರಲಿಲ್ಲ, ಅಪ್ಪನಿಗಂತೂ ಮೊದಲೇ ಗೊತ್ತಿಲ್ಲ. ಹುಡುಗ ಬಲಗೈಯನ್ನು ತಲೆ ಮೇಲಿಂದ ತಂದು ಎಡಕಿವಿ ಮುಟ್ಟಿದರೆ ವಯಸ್ಸಾಯಿತು ಅಂತ ಲೆಕ್ಕ. ಆಗ ಶಾಲೆ ಶುರುವಾಗುತ್ತಿದ್ದದ್ದು ಜೂನ್ ಒಂದಕ್ಕೆ, ಆದ್ದರಿಂದ ಹುಡುಗ ಹುಟ್ಟಿದ್ದೂ ಜೂನ್ ಒಂದಕ್ಕೆ. ಹೀಗೆ ಒಂದು ಇಡೀ ತಲೆಮಾರು ಒಂದೇ ನಕ್ಷತ್ರದಲ್ಲಿ ಹುಟ್ಟಿತು. ಇನ್ನು ನಿವೃತ್ತಿಯ ನಿಯಮ ನೋಡಿ: ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಸಂಜೆ ಮನೆಗೆ. ಆದರೆ ತಿಂಗಳ ಮೊದಲನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಹೊರಡಬೇಕು. ಒಂದೇ ಒಂದು ದಿನ ತಡವಾಗಿ, ಜೂನ್ ಎರಡು ಅಂತ ಬರೆದಿದ್ದರೆ ಜೂನ್ ಪೂರ್ತಿ ಸಂಬಳ ಸಿಗುತ್ತಿತ್ತು. ಆ ಹೆಡ್‌ಮೇಷ್ಟ್ರಿಗೆ ಇಷ್ಟು ದೂರದ ಲೆಕ್ಕ ಎಲ್ಲಿಂದ ಹೊಳೆಯಬೇಕು, ಪಾಪ.

1950ರ ಜೂನ್ ಒಂದರವರ ಕತೆ ಇನ್ನೂ ಘೋರ. ಅವರು 2008ರ ಮೇ 31ಕ್ಕೆ ಐವತ್ತೆಂಟು ತುಂಬಿ ಪೇಟ ತೊಟ್ಟು ಮನೆಗೆ ಹೋದರು. ಜುಲೈ ತಿಂಗಳಲ್ಲಿ ಸರ್ಕಾರ ನಿವೃತ್ತಿ ವಯಸ್ಸನ್ನು ಅರವತ್ತಕ್ಕೆ ಏರಿಸಿತು. ಅವರ ಜೊತೆ ಬೆಂಚಿನ ಮೇಲೆ ಕೂತು ಓದಿದ, ಅಪ್ಪನ ನೆನಪಿನ ಶಕ್ತಿ ಚೆನ್ನಾಗಿದ್ದುದರಿಂದ ಆಗಸ್ಟ್‌ನಲ್ಲಿ ಹುಟ್ಟಿದ್ದ ಗೆಳೆಯರು ಇನ್ನೂ ಎರಡು ವರ್ಷ ಸಂಬಳ ಎಣಿಸಿದರು. ಆ ವರ್ಷ ಪೇಟ ತೊಟ್ಟವರ ಮುಂದೆ ಈಗಲೂ ಜುಲೈ ಅನ್ನಬಾರದು.

ಮೇ 31ರ ಬೀಳ್ಕೊಡುಗೆಗೆ ಇನ್ನೊಂದು ಚೋದ್ಯವಿದೆ. ಈಗ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದು ಮೇ 29ರ ಆಸುಪಾಸು. ಅಂದರೆ ನಮ್ಮ ಮೇಷ್ಟ್ರು ರಜೆ ಮುಗಿಸಿ, ಹೊಸ ಅಂಗಿ ಹೊಲಿಸಿಕೊಂಡು, ಉತ್ಸಾಹದಿಂದ ಕೆಲಸಕ್ಕೆ ಹಾಜರಾಗುವುದೇ ನಿವೃತ್ತಿಯಾಗುವುದಕ್ಕೆ. ಪ್ರಾರಂಭೋತ್ಸವಕ್ಕೆ ಕಟ್ಟಿದ ಮಾವಿನ ತೋರಣ ಇನ್ನೂ ಬಾಡಿರುವುದಿಲ್ಲ, ಅದನ್ನೇ ಬೀಳ್ಕೊಡುಗೆಗೂ ಬಳಸಿಕೊಳ್ಳುತ್ತೇವೆ. ಒಂದನೇ ತರಗತಿಗೆ ಅಳುತ್ತಾ ಬರುವ ಮಗು ಒಂದು ಕಡೆ, ಅಳುತ್ತಾ ಹೋಗುವ ಮೇಷ್ಟ್ರು ಇನ್ನೊಂದು ಕಡೆ, ಇಬ್ಬರಿಗೂ ಅದೇ ಪಾಯಸ.

ಕಳೆದ ವರ್ಷ, 2025ರಲ್ಲಿ, ನಮ್ಮ ಸಾಸಲು ಕಡೆಯ ಒಬ್ಬ ಮೇಷ್ಟ್ರು ಹೀಗೆ ಹೊರಟರು. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆ ಹಾಲಿನ ಡೇರಿ ಹತ್ತಿರ ನನ್ನನ್ನು ನಿಲ್ಲಿಸಿಕೊಂಡು ಪ್ರತಿ ವಾಕ್ಯಕ್ಕೂ ಜವಾಬು ಕೇಳುತ್ತಾರೆ, ಈಗ ಅವರಿಗೆ ಬೇಕಾದಷ್ಟು ಹೊತ್ತಿದೆ. ಅವರ ಪರಿಚಯ ಬರೆದು ಓದುವ ಕೆಲಸ ನನ್ನ ತಲೆಗೆ ಬಂತು. "ನೀವೇ ಓದ್ಬುಡಿ ಸಾರ್, ನಿಮ್ ಕನ್ನಡ ಚೆನ್ನಾಗೈತೆ" ಅಂದರು. ಇದರ ಅರ್ಥ, ಮಿಕ್ಕವರೆಲ್ಲ ಶಾಮಿಯಾನ, ಊಟ, ಮೈಕು ಅಂತ ಆಗಲೇ ಸುಲಭದ ಕೆಲಸಗಳನ್ನು ಹಂಚಿಕೊಂಡಿದ್ದಾರೆ ಅಂತ.

ಪರಿಚಯ ಓದುವವನ ಪಾಡು ಕೇಳಿ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ಎಲ್ಲ ಮುಗಿಯುವ ಹೊತ್ತಿಗೆ ಅನ್ನ ಬಸಿದ ಗಂಜಿಯ ವಾಸನೆ ಶಾಮಿಯಾನದೊಳಕ್ಕೆ ಬಂದಿರುತ್ತದೆ. ಆಗ ನಿಮ್ಮ ಸರದಿ. ಪೇಟ, ಶಾಲು, ಹಾರ ಎಲ್ಲ ನಿಮ್ಮ ಓದು ಮುಗಿದ ಮೇಲೆ ಬರಬೇಕು, ಊಟ ಅದರ ಮೇಲೆ. ಆದ್ದರಿಂದ ನೀವು ಊಟಕ್ಕೂ ಊರಿಗೂ ನಡುವೆ ನಿಂತ ಮನುಷ್ಯ. ಕೈಬರಹದ ಒಂದು ಪುಟವನ್ನು ನಿಧಾನವಾಗಿ, ಉಸಿರು ಬಿಟ್ಟು ಓದಿದರೆ ಮೂರ್ನಾಲ್ಕು ನಿಮಿಷ ಆಗುತ್ತದೆ. ಎರಡು ಪುಟದವರೆಗೆ ಜನ ಕ್ಷಮಿಸುತ್ತಾರೆ. ಮೂರನೇ ಪುಟ ತಿರುವಿದ ಸದ್ದು ಮೈಕಿನಲ್ಲಿ ಕೇಳಿಸಿದರೆ ಹಿಂದಿನ ಸಾಲಿನವರು ಎದ್ದು ಎಲೆ ಹಾಸುವ ಕಡೆ ನಡೆಯುತ್ತಾರೆ.

ಇಷ್ಟು ಕಷ್ಟ ಯಾಕೆ ಅಂತ ನಮ್ಮಲ್ಲಿ ಅನೇಕರು ಒಂದು ಸಿದ್ಧ ಪರಿಚಯ ಇಟ್ಟುಕೊಂಡಿರುತ್ತಾರೆ. ಅದರಲ್ಲಿ ಹೆಸರಿನ ಜಾಗ ಮಾತ್ರ ಖಾಲಿ. ಮಿಕ್ಕಂತೆ ಅಜಾತಶತ್ರು, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಶಿಕ್ಷಣ ಕ್ಷೇತ್ರದ ಧ್ರುವತಾರೆ ಎಲ್ಲ ಭರ್ತಿ. ಒಂದು ಕಡೆ ಹೀಗೇ ಒಬ್ಬ ಮೇಷ್ಟ್ರಿಗೆ ಬರೆದದ್ದನ್ನು ಮರುವರ್ಷ ಒಬ್ಬ ಮೇಡಮ್ಮಿಗೆ ಹೆಸರು ಬದಲಿಸಿ ಓದಿದರು. "ಇವರ ಈ ಎಲ್ಲ ಸಾಧನೆಯ ಹಿಂದೆ ಇವರ ಧರ್ಮಪತ್ನಿಯ ತ್ಯಾಗವಿದೆ" ಅಂದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಮೇಡಮ್ಮಿನ ಯಜಮಾನರು ಒಮ್ಮೆ ಹಿಂತಿರುಗಿ ನೋಡಿದರು. ಚಪ್ಪಾಳೆ ಮಾತ್ರ ಜೋರಾಗಿಯೇ ಬಿತ್ತು. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ? ಒಂದು ಪರಿಚಯ ಚೆನ್ನಾಗಿದೆಯೋ ಇಲ್ಲವೋ ನೋಡುವುದು ಸುಲಭ. ಹೆಸರಿನ ಮೇಲೆ ಹೆಬ್ಬೆರಳು ಇಟ್ಟು ಓದಿ. ಆಗಲೂ ಊರಿನವರಿಗೆ ಇದು ಇಂಥವರದೇ ಅಂತ ಗೊತ್ತಾಗಬೇಕು.

ಹಾಗಾಗಿ ನಾನು ದಾಖಲೆ ಹುಡುಕಲು ಹೊರಟೆ. ಮೊದಲು ಕೈಗೆ ಬಂದದ್ದು ಸೇವಾ ಪುಸ್ತಕ, ನಾವೆಲ್ಲ ಎಸ್ಆರ್ ಅನ್ನುವುದು. ಸರ್ಕಾರಿ ನೌಕರನ ಆತ್ಮಚರಿತ್ರೆಯನ್ನು ಬೇರೆಯವರು ಬರೆದಿಡುವ ಪುಸ್ತಕ ಅದು. ಅದರ ಮೊದಲ ಪುಟ ಬಹಳ ಆತ್ಮೀಯವಾದದ್ದು. ತಂದೆ ಹೆಸರು, ಹುಟ್ಟಿದ ತಾರೀಕು, ಅಳೆದ ಎತ್ತರ, ಎಡಗೈ ಬೆರಳುಗಳ ಗುರುತು, ಮೈಮೇಲಿನ ಮಚ್ಚೆ. ನಮ್ಮ ಮೇಷ್ಟ್ರಿಗೆ ಬಲ ಮೊಣಕೈ ಕೆಳಗೆ ಒಂದು ಕಪ್ಪು ಮಚ್ಚೆ ಇದೆ ಅನ್ನುವುದು ಅವರ ಜೊತೆ ಎಷ್ಟೋ ವರ್ಷ ಚಹಾ ಕುಡಿದ ನನಗೆ ಗೊತ್ತಿರಲಿಲ್ಲ, ಸರ್ಕಾರಕ್ಕೆ ಗೊತ್ತಿತ್ತು. ಮುಂದಿನ ಪುಟಗಳಲ್ಲಿ ಮಾತ್ರ ಆತ್ಮೀಯತೆ ಕಡಿಮೆಯಾಗಿ ವಾರ್ಷಿಕ ವೇತನ ಬಡ್ತಿ, ಗಳಿಕೆ ರಜೆ, ಹತ್ತು ವರ್ಷದ ಕಾಲಮಿತಿ ಬಡ್ತಿ, ಹದಿನೈದು ವರ್ಷದ್ದು, ಇಪ್ಪತ್ತು ವರ್ಷದ್ದು ಅಂತ ಸಾಗುತ್ತದೆ. ಸರ್ಕಾರದ ಕಣ್ಣಿನಲ್ಲಿ ಇವರ ಬದುಕಿನ ಮೈಲಿಗಲ್ಲು ಇವೇ. ಇದನ್ನೇ ನಕಲು ಮಾಡಿ ಓದುವವರಿದ್ದಾರೆ. ಸಭೆಗೆ ಅದರಿಂದ ತಿಳಿಯುವುದು ಮೇಷ್ಟ್ರ ಸಂಬಳ ಎಷ್ಟಿತ್ತು ಅನ್ನುವುದೊಂದೇ, ಅದು ಮುಂದಿನ ಸಾಲಿನ ನೆಂಟರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಎಸ್ಆರ್ ಪ್ರಕಾರ ಮೇಷ್ಟ್ರು ಹುಟ್ಟಿದ್ದು 1-6-1965. ಅವರ ತಾಯಿಯ ಪ್ರಕಾರ ಸೊಗಡವರೆ ಕಾಲದಲ್ಲಿ. ಮುಂಗಾರಿಗೆ ಮುಂಚೆ ಸೊಗಡವರೆ ಎಲ್ಲಿಂದ ಬರಬೇಕು? ನಿಜವಾಗಿ ಹುಟ್ಟಿದ್ದು ಅದಕ್ಕೆ ಐದಾರು ತಿಂಗಳ ಹಿಂದಿನ ಚಳಿಗಾಲವೋ, ಆರೇಳು ತಿಂಗಳ ಮುಂದಿನ ಚಳಿಗಾಲವೋ ಅನ್ನುವುದು ತೀರ್ಮಾನವಾಗಿಲ್ಲ. ಮೇಷ್ಟ್ರ ವಾದ ಮುಂದಿನದ್ದು, ಸರ್ಕಾರ ತಮಗೆ ಅರ್ಧ ವರ್ಷ ಬಾಕಿ ಅಂತ. ಸಂದೇಹವಿದ್ದರೆ ಆಗಲೇ ಕೇಳಬೇಕಿತ್ತು. ರಾಜ್ಯ ನೌಕರರ ವಯಸ್ಸು ನಿರ್ಣಯದ 1974ರ ಕಾಯ್ದೆ ಕೆಲಸಕ್ಕೆ ಸೇರಿದ ಮೇಲೆ ಮೂರು ವರ್ಷ ಗಡುವು ಕೊಡುತ್ತದೆ, ಅಷ್ಟರೊಳಗೆ ತಕರಾರು ತೆಗೆಯದಿದ್ದರೆ ಪುಸ್ತಕದಲ್ಲಿ ಇದ್ದದ್ದೇ ಜನ್ಮ. ಆ ಮೂರು ವರ್ಷ ನಮ್ಮ ಮೇಷ್ಟ್ರು ವಯಸ್ಸಿನ ಯೋಚನೆಯಲ್ಲಿರಲಿಲ್ಲ, ಆನೆಯ ಯೋಚನೆಯಲ್ಲಿದ್ದರು.

ಆನೆ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಮಂತ್ರಿಯಾಗಿದ್ದಾಗ ಅಂಕದ ಪಟ್ಟಿ ನೋಡಿ, ಯಾರ ಶಿಫಾರಸನ್ನೂ ಕೇಳದೆ ಮೇಷ್ಟ್ರುಗಳನ್ನು ತೆಗೆದುಕೊಂಡರು ಅಂತ ಇವತ್ತಿಗೂ ಜನ ನೆನೆಯುತ್ತಾರೆ. ನಮ್ಮವರು 1996ರಲ್ಲಿ ಆ ಕಾಲದಲ್ಲೇ ಕೆಲಸಕ್ಕೆ ಸೇರಿದವರು. ಶಿಫಾರಸಿಲ್ಲದೆ ಕೆಲಸ ಸಿಕ್ಕಿತು, ಶಿಫಾರಸಿಲ್ಲದ್ದರಿಂದ ಊರೂ ಹಾಗೇ ಸಿಕ್ಕಿತು. ಆಗ ಬೆಂಗಳೂರು ಗ್ರಾಮಾಂತರ ಜಿಲ್ಲೆ ಈಗಿನ ಹಾಗೆ ನಾಲ್ಕು ತಾಲ್ಲೂಕಿನದಲ್ಲ. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಎಲ್ಲ ಸೇರಿ ಬೆಂಗಳೂರನ್ನು ಸುತ್ತಿಕೊಂಡು ಮಲಗಿದ್ದ ಜಿಲ್ಲೆ. ಸಾಸಲು ಅದರ ಉತ್ತರದ ಅಂಚಿನಲ್ಲಿ. ಮೇಷ್ಟ್ರಿಗೆ ನೇಮಕವಾದದ್ದು ದಕ್ಷಿಣದ ಅಂಚಿನಲ್ಲಿ, ಕನಕಪುರ ತಾಲ್ಲೂಕಿನ ಕಾಡಿಗೆ ಹೊಂದಿಕೊಂಡ ಏಕೋಪಾಧ್ಯಾಯ ಶಾಲೆಗೆ. ಸ್ವಂತ ಜಿಲ್ಲೆಯಲ್ಲೇ ಕೆಲಸ ಅಂತ ಊರಿನವರು ಸಂತೋಷಪಟ್ಟರು. ಸ್ವಂತ ಜಿಲ್ಲೆಯ ಶಾಲೆಗೆ ಹೋಗಲು ದೊಡ್ಡಬಳ್ಳಾಪುರ, ಮೆಜೆಸ್ಟಿಕ್, ಕನಕಪುರ ಅಂತ ಬಸ್ಸು ಬದಲಿಸಿ, ರಾಜಧಾನಿಯನ್ನು ನಡುಮಧ್ಯೆ ಸೀಳಿಕೊಂಡು, ಕೊನೆಗೆ ನಡೆಯಬೇಕಿತ್ತು.

ಅಲ್ಲಿ ಆನೆ ಬರುತ್ತಿತ್ತು. ಎಷ್ಟು ಹತ್ತಿರ ಬರುತ್ತಿತ್ತು ಅನ್ನುವುದು ಯಾವ ವರ್ಷ ಕೇಳಿದಿರಿ ಅನ್ನುವುದರ ಮೇಲಿದೆ. ವರ್ಗವಾಗಿ ಬಂದ ಹೊಸದರಲ್ಲಿ ಅವರು ಹೇಳಿದ್ದು, ಬೆಳಿಗ್ಗೆ ಬಾಗಿಲು ತೆಗೆದಾಗ ಶಾಲೆ ಅಂಗಳದಲ್ಲಿ ಲದ್ದಿ ಇತ್ತು ಅಂತ. ಕೆಲವು ವರ್ಷ ಕಳೆದ ಮೇಲೆ ಲದ್ದಿಯ ಪಕ್ಕದಲ್ಲಿ ಆನೆಯೂ ನಿಂತಿತ್ತು. ಆಮೇಲೆ ಅದು ಕಿಟಕಿ ಹತ್ತಿರ ಬಂತು. ಕೊರೋನಾ ಕಾಲದಲ್ಲಿ, ಮನೆಯಲ್ಲಿ ಕೂತು ಬೇಜಾರಾಗಿತ್ತೋ ಏನೋ, ಆನೆ ಸೊಂಡಿಲನ್ನು ಕಿಟಕಿಯೊಳಗೆ ಹಾಕಿ ಸೀಮೆಸುಣ್ಣದ ಡಬ್ಬಿಯನ್ನೇ ಎತ್ತಿಕೊಂಡು ಹೋಯಿತು. ಮಗ್ಗಿ ಒಪ್ಪಿಸಲಿಲ್ಲ ಅನ್ನುವುದೊಂದೇ ಪುಣ್ಯ. ಪರಿಚಯ ಬರೆಯುವವನಿಗೆ ಇದು ಧರ್ಮಸಂಕಟ, ಯಾವ ಆವೃತ್ತಿ ಹಾಕುವುದು? ಹೇಳುವವರ ಕತೆ ಬೆಳೆದಿದ್ದರೆ ನಾನು ಯಾವಾಗಲೂ ಮೊದಲನೆಯದನ್ನೇ ತೆಗೆದುಕೊಳ್ಳುತ್ತೇನೆ. ಸಭೆಯಲ್ಲಿ ನಾನು "ಆನೆಯ ಲದ್ದಿಯನ್ನು ಸ್ವತಃ ಬಾಚಿ ಹಾಕಿ ತರಗತಿ ನಡೆಸಿದರು" ಅಂತ ಓದಿದೆ. ವೇದಿಕೆಯ ಮೇಲೆ ಪೇಟಕ್ಕೆ ತಲೆ ಸಿದ್ಧ ಮಾಡಿಕೊಂಡು ಕೂತಿದ್ದವರು ಬೆರಳೆತ್ತಿದರು. "ಲದ್ದಿ ಒಂದೇ ಅಲ್ಲ ಸಾರ್." ಸಭೆ ಗೊಳ್ಳೆಂದಿತು. ಇಡೀ ತಾಲ್ಲೂಕಿಗೇ ಆ ಆನೆ ಪರಿಚಯ ಅಂತ ಆಗ ಗೊತ್ತಾಯಿತು.

ಅವರು ವರ್ಗ ಮಾಡಿಸಿಕೊಂಡು ಸಾಸಲು ಕಡೆ ಬಂದದ್ದು 2002ರಲ್ಲಿ, ಅದು ಅವರ ಸೇವೆಯ ಅತ್ಯಂತ ಜಾಣತನದ ಕೆಲಸ. 2007ರಲ್ಲಿ ಕನಕಪುರವೂ ಸೇರಿ ಆ ನಾಲ್ಕು ತಾಲ್ಲೂಕು ರಾಮನಗರ ಜಿಲ್ಲೆಯಾಗಿ ಹೋದವು. ಅಲ್ಲೇ ಉಳಿದವರು ಕೂತಲ್ಲೇ ಬೇರೆ ಜಿಲ್ಲೆಯವರಾದರು. ಆಮೇಲೆ ಈ ಕಡೆ ಬರಬೇಕೆಂದರೆ ಅಂತರ ಜಿಲ್ಲಾ ವರ್ಗಾವಣೆ, ಅಂದರೆ ಅಷ್ಟು ವರ್ಷದ ಜ್ಯೇಷ್ಠತೆ ಬಿಟ್ಟು ಇಲ್ಲಿನ ಪಟ್ಟಿಯ ಬಾಲದಲ್ಲಿ ನಿಲ್ಲಬೇಕು. ಎಸ್ಆರ್‌ನಲ್ಲಿ ಈ ವರ್ಗಾವಣೆ ಒಂದು ಸಾಲು. ಹೊಸ ಜಿಲ್ಲೆಯಲ್ಲಿ ಸಿಕ್ಕಿಬಿದ್ದ ಅವರ ಜೊತೆಯವರನ್ನು ಕೇಳಿದರೆ ಅದು ಒಂದು ಅಧ್ಯಾಯ. ನಾನು ಅದಕ್ಕೆ ಎರಡು ವಾಕ್ಯ ಕೊಟ್ಟೆ. ಜನಗಣತಿ, ಚುನಾವಣೆ, ಸಮೀಕ್ಷೆಗಳಿಗೆಲ್ಲ ಸೇರಿ ಇನ್ನೊಂದು ವಾಕ್ಯ. ಎಲ್ಲ ಮೇಷ್ಟ್ರೂ ಮಾಡಿದ ಕೆಲಸ ಒಬ್ಬರ ಪರಿಚಯ ಆಗುವುದಿಲ್ಲ.

ಆದರೂ 2011ರ ಜನಗಣತಿಯ ಒಂದು ರಾತ್ರಿಯನ್ನು ಬಿಡಲಾಗಲಿಲ್ಲ. ಫೆಬ್ರವರಿ 28ರ ರಾತ್ರಿ ಮನೆಯಿಲ್ಲದವರನ್ನು ಹುಡುಕಿ ಎಣಿಸಬೇಕು, ಅದು ಗಣತಿಯ ನಿಯಮ. ನಮ್ಮವರು ಟಾರ್ಚು ಹಿಡಿದು ಬಸ್ ತಂಗುದಾಣಕ್ಕೆ ಹೋದರೆ ಅಲ್ಲಿ ಕಂಬಳಿ ಹೊದ್ದು ಒಬ್ಬ ಮಲಗಿದ್ದ. ಮನೆ ಇಲ್ವೇನಯ್ಯ ಅಂದರೆ, "ಐತೆ ಸಾಮಿ, ಇವತ್ ಒಳಿಕ್ ಬುಟ್ಟಿಲ್ಲ" ಅಂದ. ಅವನನ್ನು ಮನೆಯ ಲೆಕ್ಕದಲ್ಲಿ ಆಗಲೇ ಎಣಿಸಿಯಾಗಿತ್ತು. ಮೇಷ್ಟ್ರು ಎಣಿಸಲಿಲ್ಲ, ಕರೆದುಕೊಂಡು ಹೋಗಿ ಬಾಗಿಲು ತಟ್ಟಿದರು. ಆ ಹೆಂಗಸು ಗಣತಿಯವರೆಂದು ಬಾಗಿಲು ತೆಗೆದಳು, ಗಂಡ ಒಳಗೆ ನುಗ್ಗಿದ.

ಎಸ್ಆರ್‌ನಿಂದ ಇದಕ್ಕಿಂತ ಹೆಚ್ಚು ಹೊರಡಲಿಲ್ಲ. ಆಗ ಅಡುಗೆಯಮ್ಮ ಒಂದು ಉಪಕಾರ ಮಾಡಿದರು. "ಸಾ, ರುಚಿ ಬುಕ್ಕು ನೋಡಿದ್ರಾ?" ಅಂದರು.

ಬಿಸಿಯೂಟ ಬಡಿಸುವ ಮುಂಚೆ ಶಿಕ್ಷಕರು ತಿಂದು ನೋಡಿ, ಹೇಗಿದೆ ಅಂತ ಬರೆದು ಸಹಿ ಹಾಕಬೇಕು. ಮಕ್ಕಳಿಗೆ ಬಡಿಸುವುದಕ್ಕೆ ಅರ್ಧ ಗಂಟೆ ಮುಂಚೆ ದೊಡ್ಡವರ ಹೊಟ್ಟೆಯಲ್ಲಿ ಪರೀಕ್ಷೆ. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ವಿಷ ಬೆರೆತ ಊಟ ತಿಂದು 23 ಮಕ್ಕಳು ಸತ್ತರು. ಅಲ್ಲಿಂದ ಮುಂದೆ ಈ ವಹಿಯನ್ನು ಯಾರೂ ತಮಾಷೆಗೆ ತೆಗೆದುಕೊಳ್ಳಲಿಲ್ಲ. ನಮ್ಮ ಬಹುಪಾಲು ಜನ ಅದರಲ್ಲಿ "ಚೆನ್ನಾಗಿದೆ" ಅಂತ ಬರೆದು ಕೆಳಗಿನ ಸಾಲುಗಳಿಗೆಲ್ಲ ಅದೇ ಅದೇ ಗುರುತು ಎಳೆಯುತ್ತೇವೆ. ಮೇಷ್ಟ್ರ ಪುಸ್ತಕ ಹಾಗಿರಲಿಲ್ಲ. "ಸಾರಿಗೆ ಹುಣಸೆ ಜಾಸ್ತಿ." "ಬೇಳೆ ಬೆಂದಿಲ್ಲ, ಇನ್ನೊಂದು ಕುದಿ ಹಾಕಿಸಿ ಆಮೇಲೆ ಬಡಿಸಿದೆ." "ಒಂದರಿಂದ ಐದನೇ ತರಗತಿಗೆ ತಲೆಗೆ ನೂರು ಗ್ರಾಂ ಅಕ್ಕಿ ಅಂತಾರೆ, ಈ ಹುಡುಗರು ನೂರು ಗ್ರಾಂನ ಹುಡುಗರಲ್ಲ." "ಹಾಲಿನ ಪುಡಿ ಗಂಟು. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಆಮೇಲೆ ಕಾಯಿಸಲು ಹೇಳಿದೆ." ಈ ಕೊನೆಯದು 2013ರ ಆಗಸ್ಟ್‌ನದು, ಕ್ಷೀರಭಾಗ್ಯ ಶುರುವಾದ ತಿಂಗಳು. ಕುದಿಯುವ ನೀರಿಗೆ ಪುಡಿ ಸುರಿದು, ಗಂಟು ಕಟ್ಟಿ, ತಳ ಹಿಡಿದ ವಾಸನೆಗೆ ಮಕ್ಕಳು ಲೋಟ ಹಿಡಿದು ಓಡಿಹೋಗುತ್ತಿದ್ದ ದಿನಗಳು ಅವು. ಹಾಸನದಿಂದ ಬೀದರ್‌ವರೆಗೆ ಎಷ್ಟು ಶಾಲೆಗಳಲ್ಲಿ ಹಾಲು ಗಿಡದ ಬುಡಕ್ಕೆ ಹೋಯಿತೋ! ಇವರ ಶಾಲೆಯಲ್ಲಿ ಹೋಗದೆ ಇದ್ದುದಕ್ಕೆ ಈ ಒಂದು ಸಾಲು ಕಾರಣ. ಪ್ರಶಸ್ತಿ ಪತ್ರ ಯಾವುದೂ ಇದರಷ್ಟು ಖಚಿತವಾಗಿ ಒಬ್ಬ ಮನುಷ್ಯನ ಕೆಲಸವನ್ನು ಹೇಳುವುದಿಲ್ಲ.

ಅದೇ ಪುಸ್ತಕದಲ್ಲಿ ಒಂದು ಗಂಡಾಂತರವೂ ಇತ್ತು. ಒಂದು ದಿನದ ಸಾಲು: "ಇವತ್ತಿನ ಹುಳಿ ನಮ್ಮ ಮನೆಯದಕ್ಕಿಂತ ಚೆನ್ನಾಗಿದೆ." ಓದಿದರೆ ಸಭೆ ನಗುತ್ತದೆ, ಖಂಡಿತ. ಆದರೆ ಸನ್ಮಾನ ದಂಪತಿಗೆ. ಹೆಂಡತಿಯೂ ವೇದಿಕೆಯ ಮೇಲೇ ಕೂತಿರುತ್ತಾರೆ. ಬೀಳ್ಕೊಡುಗೆಯಲ್ಲಿ ಕಾಲೆಳೆಯುವುದಕ್ಕೆ ನನ್ನದೊಂದು ಕಟ್ಟಳೆ ಇದೆ. ಆ ತಮಾಷೆಯಿಂದ ವೇದಿಕೆಯ ಮೇಲೆ ಯಾರ ಮುಖ ಇಳಿಯಬಹುದೋ ಅವರ ಅಪ್ಪಣೆ ಮೊದಲೇ ಪಡೆಯಬೇಕು. ರಜೆ, ದುಡ್ಡು, ಇಲಾಖೆಯ ನೋಟೀಸು, ಈ ಮೂರರ ತಂಟೆಗೆ ಅಪ್ಪಣೆ ಸಿಕ್ಕರೂ ಹೋಗಬಾರದು. ಹಿಂದಿನ ದಿನ ಅವರ ಮನೆಗೆ ಹೋಗಿ, ಮೇಷ್ಟ್ರು ಒಳಗಿದ್ದಾಗ, "ಅಕ್ಕ, ಹೀಗೊಂದು ಸಾಲಿದೆ, ಓದಲೋ ಬೇಡವೋ" ಅಂತ ಪಿಸುಗುಟ್ಟಿದೆ. ಅವರು ತಾರೀಕು ಕೇಳಿದರು. ಹೇಳಿದೆ. ಬೆರಳು ಮಡಿಸಿ ಲೆಕ್ಕ ಹಾಕಿ ಅಂದರು: "ಓದಿ ಅಣ್ಣ, ಧಾರಾಳವಾಗಿ ಓದಿ. ಆಗ ನಾನು ಮಗಳ ಬಾಣಂತನಕ್ಕೆ ಹೋಗಿದ್ದೆ. ಮನೇಲಿ ಹುಳಿ ಮಾಡ್ಕೊಂಡಿದ್ದು ಅವರೇ."

ಈ ಎರಡನ್ನೂ ಒಟ್ಟಿಗೆ ಓದಿದೆ. ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು, ಅವರು ಶಾಲಿನ ಗೊಂಡೆ ಸರಿಮಾಡಿಕೊಳ್ಳುತ್ತಿದ್ದರು.

ನಲಿ-ಕಲಿ ಬಗ್ಗೆಯೂ ಒಂದು ತುಣುಕು ಇತ್ತು. 2009ರಲ್ಲಿ ರಾಜ್ಯಕ್ಕೆಲ್ಲ ಅದು ಬಂದ ಮೇಲೆ ಒಂದು, ಎರಡು, ಆಮೇಲೆ ಮೂರನೇ ತರಗತಿಯೂ ಒಂದೇ ಕೋಣೆಯಲ್ಲಿ, ಐದು ತಟ್ಟೆಯ ಸುತ್ತ ನೆಲದ ಮೇಲೆ ಕೂತವು. ಮೊದಲ ತಟ್ಟೆಯವರಿಗೆ ಶಿಕ್ಷಕರ ಪೂರ್ತಿ ನೆರವು, ಕೊನೆಯ ತಟ್ಟೆಯವರದು ಸ್ವಕಲಿಕೆ. ಮೇಷ್ಟ್ರಿಗೆ ಸೊಂಟ ನೋವು, ನೆಲದಲ್ಲಿ ಕೂತರೆ ಏಳುವುದು ಕಷ್ಟ. ಮಧ್ಯಾಹ್ನದ ಮೇಲೆ ಅವರು ಕೂರುತ್ತಿದ್ದದ್ದು ಐದನೇ ತಟ್ಟೆಯಲ್ಲಿ, ಕಣ್ಣು ಮುಚ್ಚಿಕೊಂಡು. ಸ್ವಕಲಿಕೆ ಅಂದರೆ ಹೇಗಿರಬೇಕು ಅಂತ ಮಕ್ಕಳಿಗೆ ಮಾಡಿ ತೋರಿಸುತ್ತಿದ್ದರು ಅಂತ ಓದಿದೆ. ಅವರಿಂದ ಕಲಿತ ಹುಡುಗರೇ ಹೆಚ್ಚು ನಕ್ಕರು.

ಇಷ್ಟಾದರೂ ಪರಿಚಯದಲ್ಲಿ ನಡುಮನೆಯಂಥ ಒಂದು ಸಂಗತಿ ಬೇಕು ಅನ್ನಿಸುತ್ತಿತ್ತು. ಅದು ದಾಖಲಾತಿ ವಹಿಯಲ್ಲಿ ಸಿಕ್ಕಿತು. ಹಳೆಯ ಪುಟಗಳಲ್ಲಿ ಮಕ್ಕಳ ಜನ್ಮದಿನದ ಅಂಕಣ ಜೂನ್ ಒಂದು, ಜೂನ್ ಒಂದು ಅಂತ ಇಳಿದುಕೊಂಡು ಬರುತ್ತದೆ. 2002ರ ಜೂನ್‌ನಿಂದ ಇದ್ದಕ್ಕಿದ್ದ ಹಾಗೆ ಒಡೆದುಹೋಗುತ್ತದೆ. ಅಕ್ಟೋಬರ್ ಹದಿನಾರು, ಮಾರ್ಚ್ ನಾಲ್ಕು, ಡಿಸೆಂಬರ್ ಮೂವತ್ತು. ಏನಾಯಿತು ಅಂತ ಕೇಳಿದರೆ ಮೇಷ್ಟ್ರು, "ನನ್ ಜನ್ಮ ಹಾಳು ಮಾಡಿದ್ರಲ್ಲ ಸಾರ್, ಈ ಹುಡುಗ್ರದ್ದಾದ್ರೂ ಸರಿಯಾಗಿರ್ಲಿ ಅಂತ" ಅಂದರು.

ಆ ಡಿಸೆಂಬರ್ ಮೂವತ್ತರ ಕತೆ ಹೀಗೆ. ಜನನ ಪತ್ರ ಇಲ್ಲದ ಹುಡುಗ. ಅಪ್ಪ ಜೂನ್ ಒಂದು ಬರ್ಕೊಳ್ಳಿ ಅಂದ. ಮೇಷ್ಟ್ರು ಅಪ್ಪನನ್ನು ಬಿಟ್ಟು ಅಜ್ಜಿಯನ್ನು ಕರೆಸಿದರು. ತಾರೀಕು ಗೊತ್ತಿಲ್ಲದ ಮನೆಯಲ್ಲಿ ಅಜ್ಜಿಯೇ ಕ್ಯಾಲೆಂಡರು. "ಘಾಟಿ ತೇರಿಗೆ ಹೋಗಕ್ಕಾಗ್ಲಿಲ್ಲ, ಸೊಸೆಗೆ ತುಂಬಿತ್ತು, ತೇರಾಗಿ ಮೂರ್ ದಿನಕ್ಕೆ ಹೆತ್ಳು" ಅಂದಳು. ಘಾಟಿ ಸುಬ್ರಹ್ಮಣ್ಯನ ತೇರು ಪುಷ್ಯ ಶುದ್ಧ ಷಷ್ಠಿಯಂದು. ಅದು ಒಂದು ವರ್ಷ ಡಿಸೆಂಬರ್‌ನಲ್ಲಿ ಬಿದ್ದರೆ ಇನ್ನೊಂದು ವರ್ಷ ಜನವರಿಗೆ ಜಾರುತ್ತದೆ, ಆದ್ದರಿಂದ ಯಾವ ವರ್ಷ ಅನ್ನುವುದು ಮುಖ್ಯ. ಹುಡುಗನ ಹಲ್ಲು, ಅಕ್ಕನ ವಯಸ್ಸು, ಬೋರ್‌ವೆಲ್ ಕೊರೆಸಿದ ವರ್ಷ ಎಲ್ಲ ಕೂಡಿಸಿ ಕಳೆದು 1995ರ ಚಳಿಗಾಲ ಅಂತಾಯಿತು. ಮೇಷ್ಟ್ರು ಊರಿನ ಅಯ್ಯನವರ ಮನೆಯ ಅಟ್ಟದಿಂದ ಹಳೆ ಪಂಚಾಂಗ ಇಳಿಸಿ ನೋಡಿದರು. ಆ ವರ್ಷ ಷಷ್ಠಿ ಡಿಸೆಂಬರ್ ಕೊನೆಯ ವಾರದಲ್ಲಿ ಬಿದ್ದಿತ್ತು. ಮೂರು ದಿನ ಕೂಡಿಸಿ ಡಿಸೆಂಬರ್ 30, 1995 ಅಂತ ಬರೆದರು. ಇದಕ್ಕೂ ಮಿತಿ ಇದೆ. ಅಜ್ಜಿ ಎರಡು ದಿನ ಆಚೀಚೆ ಹೇಳಿರಬಹುದು, ಅಜ್ಜಿ ಇಲ್ಲದ ಮನೆಗೆ ಈ ವಿದ್ಯೆ ನಡೆಯುವುದಿಲ್ಲ, ಮತ್ತು ಈಗ ಎಲ್ಲ ಮಕ್ಕಳೂ ಆಸ್ಪತ್ರೆಯ ಜನನ ಪತ್ರ ಹಿಡಿದೇ ಬರುವುದರಿಂದ ಇದರ ಅಗತ್ಯವೂ ಉಳಿದಿಲ್ಲ.

ಇದನ್ನು ಓದುವಾಗ ನಾನು ಒಂದು ಲೆಕ್ಕವನ್ನೂ ಸೇರಿಸಿದೆ. ಅಪ್ಪ ಹೇಳಿದಂತೆ 1-6-1996 ಅಂತ ಬರೆದಿದ್ದರೆ ಆ ಹುಡುಗ ಸರ್ಕಾರಿ ಕೆಲಸಕ್ಕೆ ಸೇರಿ ಅರವತ್ತಕ್ಕೆ ನಿವೃತ್ತಿಯಾಗುವುದು 2056ರ ಮೇ 31ಕ್ಕೆ. ಮೇಷ್ಟ್ರು ಬರೆದ ತಾರೀಕಿನಂತೆ 2055ರ ಡಿಸೆಂಬರ್ 31ಕ್ಕೆ. ಅಂದರೆ ಸತ್ಯ ಬರೆದು ನಮ್ಮ ಮೇಷ್ಟ್ರು ಶಿಷ್ಯನ ಐದು ತಿಂಗಳ ಸಂಬಳ ಕಳೆದಿದ್ದಾರೆ. ಆ ಶಿಷ್ಯ ಸಭೆಯಲ್ಲೇ ಇದ್ದ, ಈಗ ಅವನದು ದೊಡ್ಡಬಳ್ಳಾಪುರದಲ್ಲಿ ನಾಲ್ಕು ಮಗ್ಗ. ಎದ್ದು ನಿಂತು, "ಸಂಬಳ ಹೋದ್ರೆ ಹೋಗ್ಲಿ ಸಾ, ವರ್ಷಾ ವರ್ಷಾ ಹುಟ್ಟಿದ್ ದಿನಕ್ಕೆ ಊರೇ ಜೊತೆಗೆ ಕೇಕ್ ಕತ್ತರಿಸೋದು ತಪ್ತು" ಅಂದ.

ಮೈಸೂರಿನಲ್ಲಿ 1921ರಲ್ಲಿ ರಾಧಾಕೃಷ್ಣನ್ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ಕುದುರೆ ಬಿಚ್ಚಿ ತಾವೇ ಸ್ಟೇಷನ್ನಿನವರೆಗೆ ಎಳೆದರು ಅಂತ ನಾವು ಪ್ರತಿ ಶಿಕ್ಷಕರ ದಿನಾಚರಣೆಗೂ ಹೇಳುತ್ತೇವೆ. ಅವರು ಆಗ ಮೂವತ್ತರ ಹರೆಯದವರು, ಎಳೆಯುವವರೂ ಅಷ್ಟೇ ಗಟ್ಟಿಮುಟ್ಟು. ನಮ್ಮ ಮೇಷ್ಟ್ರ ವಾಹನ ಒಂದು ಹಳೆಯ ಟಿವಿಎಸ್ ಎಕ್ಸೆಲ್. ಸಭೆ ಮುಗಿದ ಮೇಲೆ ಅದು ಯಥಾಪ್ರಕಾರ ಸ್ಟಾರ್ಟ್ ಆಗಲಿಲ್ಲ, ಪೇಟ ತೊಟ್ಟ ಅವರನ್ನು ಕೂರಿಸಿ ಏಳನೇ ತರಗತಿ ಹುಡುಗರು ಗೇಟಿನವರೆಗೆ ತಳ್ಳಿದರು. ಇದನ್ನು ಪರಿಚಯದಲ್ಲಿ ಸೇರಿಸಲಾಗಲಿಲ್ಲ, ಅಷ್ಟು ಹೊತ್ತಿಗೆ ನಾನು ಎಲೆ ಮುಂದೆ ಕೂತಿದ್ದೆ.

ಈ ವರ್ಷವೂ ಮೇ 31ಕ್ಕೆ ನಮ್ಮ ಕಡೆ ಇಬ್ಬರಿದ್ದಾರೆ, ಇಬ್ಬರೂ ಜೂನ್ ಒಂದರಂದು ಹುಟ್ಟಿದವರೇ. ಅವರ ಸಹೋದ್ಯೋಗಿಗಳಲ್ಲಿ ನನ್ನದೊಂದು ವಿನಂತಿ. ಪರಿಚಯ ನನ್ನಿಂದ ಓದಿಸುವುದಿದ್ದರೆ ಹಿಂದಿನ ದಿನ ಸಂಜೆ ಬಯೋಡೇಟಾ ವಾಟ್ಸಾಪ್ ಮಾಡಬೇಡಿ. ಏಪ್ರಿಲ್‌ನಲ್ಲೇ, ಬೇಸಿಗೆ ರಜೆಗೆ ಬೀಗ ಹಾಕುವ ಮುಂಚೆ, ರುಚಿ ಪುಸ್ತಕವನ್ನೂ ದಾಖಲಾತಿ ವಹಿಯನ್ನೂ ನೋಡಲು ಬಿಡಿ. ಎಸ್ಆರ್ ಇಲಾಖೆಯಲ್ಲೇ ಇರಲಿ, ಪಿಂಚಣಿಗೆ ಬೇಕಾಗುತ್ತದೆ.